ರಾತ್ರಿ ಡೆಸ್ಕ್ ಹಸ್ತಾಂತರ ಟಿಪ್ಪಣಿ: ನಗರ ಆವೃತ್ತಿ, ರಾತ್ರಿ 11.40

ಮೊದಲು 1ನೇ ಪುಟ. ಬಾಯ್ಲರ್ ಸ್ಫೋಟವೇ ಲೀಡ್. ಖಚಿತವಾಗಿರುವುದು ಮೂರು ಸಾವು. ಆಸ್ಪತ್ರೆಯ ವೈದ್ಯಾಧಿಕಾರಿ 10.50ಕ್ಕೆ ನಮ್ಮ ವರದಿಗಾರರಿಗೆ ನೇರವಾಗಿ ಹೇಳಿದ್ದು. ಟಿ.ವಿ. ವಾಹಿನಿಗಳಲ್ಲಿ ಏಳು ಎಂದು ಬರುತ್ತಿದೆ. ಹೇಳಿದವರು ಯಾರೆಂದು ಒಂದು ವಾಹಿನಿಯೂ ತಿಳಿಸುತ್ತಿಲ್ಲ. ಒಂದನ್ನು ನೋಡಿ ಇನ್ನೊಂದು ಹಾಕಿದಂತಿದೆ. ವೈದ್ಯರೋ ಪೊಲೀಸರೋ ಅಧಿಕೃತವಾಗಿ ಹೇಳುವವರೆಗೆ ಶೀರ್ಷಿಕೆಯಲ್ಲಿ ಮೂರನ್ನು ದಾಟಬೇಡಿ. ‘ಸಾವಿನ ಸಂಖ್ಯೆ ಏರುವ ಸಾಧ್ಯತೆ’ ಎಂಬ ಸಾಲನ್ನೂ ತೆಗೆದಿದ್ದೇನೆ. ಗಾಯಾಳುಗಳ ಮನೆಯವರೂ ಬೆಳಿಗ್ಗೆ ನಮ್ಮ ಪತ್ರಿಕೆ ಓದುತ್ತಾರೆ. ಮೃತರಲ್ಲಿ ಒಬ್ಬರ ಮನೆಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಆದ್ದರಿಂದ ಮೂವರ ಹೆಸರನ್ನೂ ತಡೆದಿದ್ದೇನೆ. ವರದಿಗಾರರು 12.15ಕ್ಕೆ ಮತ್ತೆ ಕರೆ ಮಾಡುತ್ತಾರೆ.

ಸ್ಫೋಟದ್ದೆಂದು ಹರಿದಾಡುತ್ತಿರುವ ವಿಡಿಯೊದಿಂದ ಚಿತ್ರ ತೆಗೆಯಬೇಡಿ. ಘಟನೆ ನಡೆದದ್ದು ರಾತ್ರಿ 8.15ಕ್ಕೆ. ನಿಧಾನಗತಿಯಲ್ಲಿ ನೋಡಿದರೆ ಹನ್ನೊಂದನೇ ಸೆಕೆಂಡಿನಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಮರದ ನೆರಳು ಬಿದ್ದಿದೆ, ಬಿಸಿಲಿನ ನೆರಳು. ನಮ್ಮ ಛಾಯಾಗ್ರಾಹಕರ ಎರಡು ಚಿತ್ರ ‘ಪುಟ 1’ ಫೋಲ್ಡರ್‌ನಲ್ಲಿವೆ. ಸ್ಟ್ರೆಚರ್ ಇರುವುದು ಬೇಡ, ಮುಖ ಕಾಣುತ್ತದೆ.

ಹಿರಿಯ ರಂಗಕರ್ಮಿ ನಿಧನರಾದರೆಂದು ಜಾಲತಾಣಗಳಲ್ಲಿ ಸಂತಾಪ ಸುರಿಯುತ್ತಿದೆ. ಇಬ್ಬರು ಶಾಸಕರೂ ಕಂಬನಿ ಮಿಡಿದಿದ್ದಾರೆ. ಅವರ ಮಗಳ ಜೊತೆ 11.10ಕ್ಕೆ ಮಾತನಾಡಿದೆ: ತಂದೆ ತೀವ್ರ ನಿಗಾ ಘಟಕದಲ್ಲಿದ್ದಾರೆ, ಬದುಕಿದ್ದಾರೆ. ನಿಧನ ವಾರ್ತೆ ‘ತಡೆ’ ಫೋಲ್ಡರ್‌ನಲ್ಲಿ ಸಿದ್ಧವಿದೆ. ಅವರ ಮನೆಯವರಿಂದ ಅಥವಾ ಆಸ್ಪತ್ರೆಯಿಂದ ಖಚಿತವಾದರೆ ಮಾತ್ರ ಬಿಡಿ. ದಯವಿಟ್ಟು ಮಗಳಿಗೆ ಮತ್ತೆ ಮತ್ತೆ ಕರೆ ಮಾಡಬೇಡಿ. ವಿಷಯವಿದ್ದರೆ ತಾವೇ ತಿಳಿಸುವುದಾಗಿ ಹೇಳಿದ್ದಾರೆ, ಅವರಿಗೆ ಡೆಸ್ಕ್ ಸಂಖ್ಯೆ ಕೊಟ್ಟಿದ್ದೇನೆ.

ಸಚಿವರ ರಾಜೀನಾಮೆ ಪತ್ರ ಎಂಬುದರಲ್ಲಿ ದಿನಾಂಕವಿಲ್ಲ, ಸಹಿಯೂ ಮಸುಕು. ಆಪ್ತ ಕಾರ್ಯದರ್ಶಿ ಫೋನ್ ಎತ್ತುತ್ತಿಲ್ಲ. ಇಂದಿಗೆ ಬೇಡ.

3ನೇ ಪುಟದ ಪೋಕ್ಸೊ ವರದಿಯಲ್ಲಿ ಬಾಲಕಿಯ ಶಾಲೆ, ಬಡಾವಣೆ ಎರಡೂ ಬಂದಿದ್ದವು. ತೆಗೆದಿದ್ದೇನೆ. ಆದರೆ ಆರೋಪಿ ಅವಳ ಸಂಬಂಧಿ. ಅವನ ಹೆಸರು ಹಾಕಿದರೂ ಅವಳ ಗುರುತು ಸಿಗುತ್ತದೆ. ಸೆಕ್ಷನ್ 23 ಕುಟುಂಬದ ವಿವರವನ್ನೂ ನಿಷೇಧಿಸುತ್ತದೆ. ಪ್ರೂಫ್‌ನಲ್ಲಿ ಶೀರ್ಷಿಕೆ, ಉಪಶೀರ್ಷಿಕೆ, ಚಿತ್ರಶೀರ್ಷಿಕೆ ಮೂರನ್ನೂ ಓದಿಯೇ ಪುಟ ಬಿಡಿ.

ತೆರೆದಿರುವ ಪುಟಗಳು 1, 3, 7 ಮತ್ತು ಕ್ರೀಡೆಯ 12. ಉಳಿದವು ಮುದ್ರಣಕ್ಕೆ ಹೋಗಿವೆ. 7ರಲ್ಲಿ ಎರಡು ಕಾಲಂ ಜಾಹೀರಾತು ಕೊನೆಯ ಗಳಿಗೆಯಲ್ಲಿ ರದ್ದಾಗಿ ಜಾಗ ಖಾಲಿ ಇದೆ. ಕುಡಿಯುವ ನೀರಿನ ವರದಿ ಎರಡು ದಿನಗಳಿಂದ ಕಾಯುತ್ತಿದೆ, ಅದನ್ನೇ ಕೂರಿಸಿ. ಪಂದ್ಯ 12.10ರೊಳಗೆ ಮುಗಿಯದಿದ್ದರೆ ಆ ಹೊತ್ತಿನ ಸ್ಕೋರ್ ಜೊತೆ 12ನ್ನು ಬಿಟ್ಟುಬಿಡಿ, ಕಾಯಬೇಡಿ. ಕಾಯುವುದಾದರೆ 1ನೇ ಪುಟಕ್ಕಾಗಿ ಮಾತ್ರ, ಅದೂ 12.45ರವರೆಗೆ. ಮುದ್ರಣ ವಿಭಾಗದವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ.

ಸಾವಿನ ಸಂಖ್ಯೆ ಬದಲಾದರೆ ಎಷ್ಟು ಹೊತ್ತಾಗಿದ್ದರೂ ನನಗೆ ಕರೆ ಮಾಡಿ. ಜಾಲತಾಣ ವಿಭಾಗಕ್ಕೂ ಅದೇ ಅಂಕಿ ತಕ್ಷಣ ಹೋಗಲಿ.