ನವೀಕರಣದ ನಂತರ ಅಂಗಡಿಯ ವಿಮಾ ಮೊತ್ತ ಹೆಚ್ಚಿಸುವ ಬಗ್ಗೆ

ದಿನಾಂಕ: 11 ಆಗಸ್ಟ್ 2025
ಶಿವಮೊಗ್ಗ

ಶಾಖಾ ವ್ಯವಸ್ಥಾಪಕರಿಗೆ,
ಬೆಂಕಿ ವಿಮೆ ವಿಭಾಗ, ಶಿವಮೊಗ್ಗ ಶಾಖೆ

ವಿಷಯ: ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಪಾಲಿಸಿ ಸಂಖ್ಯೆ 0704/11/2025/000318, ಮತ್ತು ಇದೇ ಅಂಗಡಿಯ ಕಳ್ಳತನದ ಪಾಲಿಸಿ. ಎರಡರಲ್ಲೂ ವಿಮಾ ಮೊತ್ತ ಈಗಲೇ ಹೆಚ್ಚಿಸುವುದು.

ನಮಸ್ಕಾರ ಸರ್,

ಗಾಂಧಿ ಬಜಾರಿನ ನಮ್ಮ ಬಟ್ಟೆ ಅಂಗಡಿಯ ನವೀಕರಣ ಜುಲೈ ಕೊನೆಗೆ ಮುಗಿಯಿತು. ಪಾಲಿಸಿಯಲ್ಲಿರುವ ಮೊತ್ತ ಮಾತ್ರ ಹಳೇ ಅಂಗಡಿಯದ್ದೇ ಇದೆ. ಪಾಲಿಸಿ 21 ಜನವರಿ 2026ರವರೆಗೆ ನಡೆಯುತ್ತದೆ, ಆದರೆ ರಿನ್ಯೂವಲ್‌ವರೆಗೆ ಕಾಯಲು ನಮಗೆ ಧೈರ್ಯ ಇಲ್ಲ. ಗೌರಿ ಹಬ್ಬ, ದಸರಾ, ದೀಪಾವಳಿ, ವರ್ಷದಲ್ಲಿ ಅಂಗಡಿ ತುಂಬಿರುವ ತಿಂಗಳುಗಳೆಲ್ಲ ಅದಕ್ಕೂ ಮುಂಚೆಯೇ ಬರುತ್ತವೆ. ಹಾಗಾಗಿ ನಡುವೆಯೇ ಎಂಡಾರ್ಸ್‌ಮೆಂಟ್ ಮಾಡಿ ಮೊತ್ತ ಹೆಚ್ಚಿಸಿಕೊಡಿ, ಉಳಿದ ಅವಧಿಗೆ ತಗಲುವ ಹೆಚ್ಚುವರಿ ಪ್ರೀಮಿಯಂ ಕಟ್ಟಲು ನಾವು ಸಿದ್ಧ.

ಮೊದಲು ಕಟ್ಟಡ. ಪಾಲಿಸಿಯಲ್ಲಿ ಅದಕ್ಕೆ 18 ಲಕ್ಷ ರೂಪಾಯಿ ಇದೆ. ಆಗ ಅದು ಮಂಗಳೂರು ಹೆಂಚಿನ ಮಾಡು, ಮೇಲೆ ಮರದ ಅಟ್ಟ ಇದ್ದ 750 ಚದರ ಅಡಿಯ ಅಂಗಡಿ. ಈಗ ಹೆಂಚು, ಅಟ್ಟ ಎರಡೂ ಇಲ್ಲ. ಆರ್‌ಸಿಸಿ ಹಾಕಿಸಿ, ಅದರ ಮೇಲೆ ಅಷ್ಟೇ ಅಳತೆಯ ಒಂದು ಮಹಡಿ ಕಟ್ಟಿಸಿದ್ದೇವೆ. ಒಟ್ಟು 1,500 ಚದರ ಅಡಿ ಆಯಿತು. ಇವತ್ತು ಇದನ್ನು ಮೊದಲಿಂದ ಕಟ್ಟಬೇಕು ಅಂದರೆ ಚದರ ಅಡಿಗೆ 2,100 ರೂಪಾಯಿ ಬೀಳುತ್ತದೆ ಎಂದು ನಮ್ಮ ಎಂಜಿನಿಯರ್ ಬರೆದುಕೊಟ್ಟಿದ್ದಾರೆ. ಆ ಲೆಕ್ಕದಲ್ಲಿ 31.5 ಲಕ್ಷ. ಇದರಲ್ಲಿ ಜಾಗದ ಬೆಲೆ ಸೇರಿಲ್ಲ. ಗಾಂಧಿ ಬಜಾರಿನಲ್ಲಿ ಜಾಗದ ಬೆಲೆಯೇ ಜಾಸ್ತಿ, ಅದನ್ನು ಸೇರಿಸಿ ಮೊತ್ತ ಏರಿಸಿದ್ದೇವೆ ಅನ್ನುವ ಅನುಮಾನ ನಿಮಗೆ ಬರಬಾರದು ಎಂದು ಇದನ್ನು ಹೇಳುತ್ತಿದ್ದೇನೆ.

ಫರ್ನಿಚರ್ ಮತ್ತು ಫಿಟ್ಟಿಂಗ್ಸ್‌ಗೆ ಈಗ 4.5 ಲಕ್ಷ ಇದೆ. ಹಳೇ ಬೀರುಗಳಲ್ಲಿ ಹೆಚ್ಚಿನವು ಹೋದವು, ಉಳಿಸಿಕೊಂಡ ತೇಗದ ಬೀರು ಮತ್ತು ಗಲ್ಲಾ ಮೇಜಿಗೆ 1.5 ಲಕ್ಷ ಹಿಡಿದಿದ್ದೇವೆ. ಹೊಸ ರ‍್ಯಾಕ್, ಗಾಜಿನ ಶೋಕೇಸ್, ಫಾಲ್ಸ್ ಸೀಲಿಂಗ್, ದೀಪಗಳಿಗೆ 9.8 ಲಕ್ಷ ಆಯಿತು. ಎರಡು ಎಸಿ, ಸಿಸಿ ಕ್ಯಾಮೆರಾ, ಇನ್ವರ್ಟರ್ ಸೇರಿ 2.7 ಲಕ್ಷ. ಒಟ್ಟು 14 ಲಕ್ಷ ಮಾಡಿಕೊಡಿ. ಜಿಎಸ್‌ಟಿ ಬಗ್ಗೆ ಒಂದು ವಿವರಣೆ: ಎಸಿ, ಕ್ಯಾಮೆರಾ, ಇನ್ವರ್ಟರ್‌ಗೆ ಕಟ್ಟಿದ ಜಿಎಸ್‌ಟಿಯನ್ನು ನಾವು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಂಡಿದ್ದೇವೆ, ಆದ್ದರಿಂದ ಅದನ್ನು ಬಿಟ್ಟು ಲೆಕ್ಕ ಹಾಕಿದ್ದೇವೆ. ಕಟ್ಟಡ ಕೆಲಸದ ಮೇಲಿನ ಜಿಎಸ್‌ಟಿಗೆ ಆ ಕ್ರೆಡಿಟ್ ಸಿಗುವುದಿಲ್ಲ, ಅದು ನಮ್ಮ ಖರ್ಚೇ, ಹಾಗಾಗಿ ಎಂಜಿನಿಯರ್ ದರದಲ್ಲಿ ಅದು ಸೇರಿದೆ.

ನನಗೆ ಹೆಚ್ಚು ಚಿಂತೆ ಇರುವುದು ಸರಕಿನ ವಿಷಯದಲ್ಲಿ. ಪಾಲಿಸಿಯಲ್ಲಿ ಸರಕಿಗೆ 35 ಲಕ್ಷ ಇದೆ. ಅಂಗಡಿಯಲ್ಲಿ ಜಾಗ ಸಾಲದೆ ಹಬ್ಬದ ಮಾಲಿನ ಬಂಡಲ್‌ಗಳನ್ನು ಇಷ್ಟು ವರ್ಷ ಮನೆಯಲ್ಲಿ ಇಡುತ್ತಿದ್ದೆವು, ಬೇಕಾದಾಗ ಒಂದೊಂದೇ ತರುತ್ತಿದ್ದೆವು. ಈಗ ಮಹಡಿಯ ಅರ್ಧ ಭಾಗ ಗೋದಾಮು, ಎಲ್ಲಾ ಮಾಲೂ ಒಂದೇ ಕಟ್ಟಡಕ್ಕೆ ಬಂದಿದೆ. ಜುಲೈ 31ರ ಸ್ಟಾಕ್ ಪಟ್ಟಿ ಪ್ರಕಾರ, ಜಿಎಸ್‌ಟಿ ಬಿಟ್ಟು ಕೊಂಡ ಬೆಲೆಯಲ್ಲಿ, 48 ಲಕ್ಷದ ಮಾಲಿದೆ. ಸೂರತ್‌ನ ಸೀರೆಗಳು, ಇಳಕಲ್, ಮೊಳಕಾಲ್ಮೂರು ಸೀರೆಗಳ ಆರ್ಡರ್ ಬರುತ್ತಾ ಇದೆ, ದೀಪಾವಳಿ ಹೊತ್ತಿಗೆ ಅದು 60 ಲಕ್ಷ ತಲುಪುತ್ತದೆ. ಆದ್ದರಿಂದ ಸರಕಿಗೆ 60 ಲಕ್ಷ ಬೇಕು.

ಇದನ್ನು ಹೀಗೇ ಬಿಟ್ಟರೆ ಏನಾಗುತ್ತದೆ ಎನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಡಿಮೆ ವಿಮೆ ಶೇ 15ರೊಳಗಿದ್ದರೆ ಈ ಪಾಲಿಸಿಯಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನಮ್ಮದು ಅದನ್ನು ಯಾವಾಗಲೋ ದಾಟಿದೆ. 60 ಲಕ್ಷದ ಮಾಲಿರುವಾಗ ಗೋದಾಮಿಗೆ ಬೆಂಕಿ ತಗುಲಿ 6 ಲಕ್ಷದ ಬಟ್ಟೆ ಹೋಯಿತು ಅಂದುಕೊಳ್ಳಿ. 35 ಲಕ್ಷದ ವಿಮೆಗೆ ಸಿಗುವುದು ಮೂರೂವರೆ ಲಕ್ಷ ಮಾತ್ರ. ಉಳಿದ ಎರಡೂವರೆ ಲಕ್ಷವನ್ನು ನಾವು ಸಾಲ ಮಾಡಿಯೇ ತುಂಬಬೇಕು. ನಮ್ಮಂತಹ ಅಂಗಡಿಗೆ ಹಬ್ಬದ ಹೊತ್ತಿಗೆ ಇದು ಸಣ್ಣ ಮಾತಲ್ಲ. ಸೇರ್ಪಡೆ, ಬದಲಾವಣೆಗಳಿಗೆ ಪಾಲಿಸಿಯಲ್ಲೇ ಶೇ 15ರ ರಕ್ಷಣೆ ಇದೆಯಲ್ಲ ಎಂದು ನಿಮ್ಮ ಏಜೆಂಟರು ಹೇಳಿದರು. ಅದು ಸರಕಿಗೆ ಅನ್ವಯಿಸುವುದಿಲ್ಲ. ಕಟ್ಟಡ, ಫಿಟ್ಟಿಂಗ್ಸ್ ಎರಡೂ ಸೇರಿ 22.5 ಲಕ್ಷದ ಶೇ 15 ಅಂದರೆ ಸುಮಾರು 3.37 ಲಕ್ಷ, ಅಲ್ವಾ? ಇವೆರಡರಲ್ಲೇ ಹೆಚ್ಚಾಗಿರುವುದು 23 ಲಕ್ಷ. ಸುಮ್ನೆ ಅದನ್ನು ನಂಬಿ ಕೂರಲು ಆಗುವುದಿಲ್ಲ.

ಎಲ್ಲಾ ಸೇರಿ ಹಳೇ 57.5 ಲಕ್ಷ ಈಗ 1 ಕೋಟಿ 5.5 ಲಕ್ಷ ಆಗಬೇಕು. ಸೂಕ್ಷ್ಮ ಉದ್ಯಮ್ ಪಾಲಿಸಿಯ 5 ಕೋಟಿ ಮಿತಿಯೊಳಗೇ ಇರುವುದರಿಂದ ಪಾಲಿಸಿ ಬದಲಿಸುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು ವಿಷಯ ನಿಮಗೆ ತಿಳಿದಿರಲೇಬೇಕು. ಮಹಡಿಯ ಮುಂಭಾಗದಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಪೆಟ್ಟಿಗೆ ಇಟ್ಟು ಬ್ಲೌಸ್, ಫಾಲ್, ಆಲ್ಟರೇಶನ್ ಕೆಲಸ ಶುರು ಮಾಡಿದ್ದೇವೆ. ಗೋದಾಮಿಗೂ ಅದಕ್ಕೂ ನಡುವೆ ಇಟ್ಟಿಗೆ ಗೋಡೆ ಇದೆ. ಪ್ರಪೋಸಲ್‌ನಲ್ಲಿ ಬರೀ ಬಟ್ಟೆ ವ್ಯಾಪಾರ ಎಂದಿದೆ, ಟೈಲರಿಂಗ್ ಕೂಡ ಸೇರಿಸಿ ಬರೆದುಕೊಳ್ಳಿ. ಅದಕ್ಕೆ ದರ ಬದಲಾದರೆ ಬದಲಾಗಲಿ, ನಾಳೆ ಕ್ಲೇಮ್ ಬಂದಾಗ ತಿಳಿಸಿರಲಿಲ್ಲ ಎನ್ನುವ ಮಾತು ಬರಬಾರದು. ಹಾಗೆಯೇ ರಿಸ್ಕ್ ಕಡಿಮೆಯಾದ ಕಡೆಯೂ ನೋಡಿ. ಹಳೇ ವೈರಿಂಗ್ ಪೂರ್ತಿ ತೆಗೆಸಿ ಹೊಸದು ಹಾಕಿಸಿದ್ದೇವೆ, ಎಂಸಿಬಿ, ಆರ್‌ಸಿಸಿಬಿ ಇವೆ, ಎರಡೂ ಮಹಡಿಗಳಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆ. ಹಲಗೆ ಬಾಗಿಲು ಹೋಗಿ ರೋಲಿಂಗ್ ಶಟರ್ ಬಂದಿದೆ.

ಕಳ್ಳತನದ ಪಾಲಿಸಿಯಲ್ಲೂ ಸರಕಿನ ಮೊತ್ತವನ್ನು 60 ಲಕ್ಷಕ್ಕೆ ಏರಿಸಿ. ಬೆಂಕಿ ಪಾಲಿಸಿಯಲ್ಲಿ ಒಂದು, ಇದರಲ್ಲಿ ಇನ್ನೊಂದು ಇರುವುದು ಬೇಡ. ನಮ್ಮ ಸಿಸಿ ಸಾಲದ ಬ್ಯಾಂಕಿನ ಹೆಸರು ಈಗಿರುವ ಹಾಗೇ ಎರಡರಲ್ಲೂ ಮುಂದುವರಿಯಲಿ. ಮೊತ್ತ ಏರಿಸುತ್ತಿರುವುದನ್ನು ಬ್ಯಾಂಕಿಗೂ ಬರೆದು ತಿಳಿಸಿದ್ದೇವೆ.

ಪ್ರೀಮಿಯಂ ನಿಮ್ಮ ಕೈ ಸೇರುವವರೆಗೆ ಹೆಚ್ಚುವರಿ ಮೊತ್ತಕ್ಕೆ ರಿಸ್ಕ್ ಶುರುವಾಗುವುದಿಲ್ಲ ಎಂದು ವಿಮಾ ಕಾಯ್ದೆಯ 64ವಿಬಿ ಕಲಂ ಹೇಳುತ್ತದೆ. ಅದಕ್ಕೇ ಕೇಳುವುದು, ಎಷ್ಟು ಕಟ್ಟಬೇಕು ಎನ್ನುವುದನ್ನು 18 ಶೇಕಡಾ ಜಿಎಸ್‌ಟಿ ಸಹಿತ ಬೇಗ ತಿಳಿಸಿ. ತಿಳಿಸಿದ ದಿನವೇ ಆನ್‌ಲೈನ್‌ನಲ್ಲಿ ಕಟ್ಟುತ್ತೇವೆ. ಎಂಡಾರ್ಸ್‌ಮೆಂಟ್‌ನಲ್ಲಿ ಜಾರಿಯ ದಿನಾಂಕ ಮತ್ತು ಕಟ್ಟಡ, ಫಿಟ್ಟಿಂಗ್ಸ್, ಸರಕು ಮೂರರ ಮೊತ್ತ ಬೇರೆ ಬೇರೆಯಾಗಿ ಬರಲಿ. ನಿಮ್ಮವರು ಬಂದು ನೋಡಬೇಕಿದ್ದರೆ ಯಾವ ದಿನವಾದರೂ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಬರಬಹುದು. ಗೌರಿ ಹಬ್ಬ ಇದೇ 26ಕ್ಕೆ. ಅದಕ್ಕೆ ಮುಂಚೆ ಈ ಕೆಲಸ ಮುಗಿದರೆ ದೊಡ್ಡ ಉಪಕಾರ.

ಎಂಜಿನಿಯರ್ ಅಂದಾಜು ಪತ್ರ, ಕಂಟ್ರಾಕ್ಟರ್ ಮತ್ತು ಫಿಟ್ಟಿಂಗ್ಸ್ ಬಿಲ್‌ಗಳು, ಜುಲೈ 31ರ ಸ್ಟಾಕ್ ಪಟ್ಟಿ, ನವೀಕರಣದ ಮುಂಚಿನ ಮತ್ತು ನಂತರದ ಫೋಟೊಗಳು, ಎರಡೂ ಪಾಲಿಸಿಗಳ ಪ್ರತಿ ಲಗತ್ತಿಸಿದ್ದೇನೆ. ಬೇರೇನಾದರೂ ಕಾಗದ ಬೇಕಿದ್ದರೆ ಪ್ರಪೋಸಲ್‌ನಲ್ಲಿರುವ ಮೊಬೈಲ್‌ಗೆ ಕರೆ ಮಾಡಿ, ಕಳಿಸಿಕೊಡುತ್ತೇನೆ. ಈ ಪತ್ರದ ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿ, ಇದನ್ನು ತಂದ ನಮ್ಮ ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿ.

ಇಂತಿ,
ಕೆ. ಎಸ್. ಮಂಜುನಾಥ
ಮಾಲೀಕರು, ಮಂಜುನಾಥ ವಸ್ತ್ರ ಮಳಿಗೆ
ಗಾಂಧಿ ಬಜಾರ್, ಶಿವಮೊಗ್ಗ