ಯಾರು ಉಣ್ಣುವುದು?

ಉಡುಪಿ ಕಡಿಯಾಳಿಯ ವಾಸುದೇವ ಕಾಮತರು ಗಲ್ಲಾ ಪೆಟ್ಟಿಗೆಗೆ ಊದುಬತ್ತಿ ತೋರಿಸಿ ಕೂರುವಷ್ಟರಲ್ಲಿ, ಮೊಮ್ಮಗ ನಿಖಿಲ ಕುಚ್ಚಲಕ್ಕಿಯ ಗೋಣಿಯ ಮುಂದೆ ಮೊಣಕಾಲೂರಿ ಮೊಬೈಲ್ ಹಿಡಿದಿದ್ದ.

"ಅಕ್ಕಿಗೆ ಎಂಥ ಫೋಟೊ ಮಾರಾಯ?"

"ಅಜ್ಜ, ಮಣಿಪಾಲದ ಫ್ಲ್ಯಾಟಿನವರು ಈ ಮಳೆಯಲ್ಲಿ ಇಲ್ಲಿಯವರೆಗೆ ಬರುತ್ತಾರಾ? ವಾಟ್ಸ್ಆ್ಯಪ್‌ನಲ್ಲಿ ಪಟ್ಟಿ ಇಟ್ಟರೆ ಅಲ್ಲಿಂದಲೇ ಬರೆದು ಕಳಿಸುತ್ತಾರೆ. ಸ್ಕೂಟರಿನಲ್ಲಿ ನಾನು ಕೊಟ್ಟು ಬರುತ್ತೇನೆ."

ಯುಗಾದಿಯಿಂದ ಇದೇ ಮಾತು. ಇಷ್ಟು ದಿನ ಕಾಮತರು ಬೇಡ ಎಂದೇ ಹೇಳುತ್ತಾ ಬಂದಿದ್ದರು. ಆದರೆ ಹಿಂದಿನ ರಾತ್ರಿ ಕಡದ ಪುಸ್ತಕ ತೆರೆದಾಗ ಆ ತಿಂಗಳಿನ ಪುಟದಲ್ಲಿ ಎಂಟೇ ಹೆಸರಿದ್ದವು. ಓಣಿಯ ಹಳೆಯ ಮನೆಗಳು ಒಂದೊಂದಾಗಿ ಮಾರಾಟವಾಗಿದ್ದವು. ಒಂದು ಕಾಲದಲ್ಲಿ ಅವರು ಪುಟ ಸಾಲದೆ ಅಂಚಿನಲ್ಲಿ ಬರೆಯುತ್ತಿದ್ದರು.

"ಏನಾದರೂ ಮಾಡು" ಎಂದು ತಕ್ಕಡಿ ಒರೆಸತೊಡಗಿದರು.

ಮೂರನೆಯ ದಿನ ಮೊದಲ ಆರ್ಡರ್ ಬಂತು. ಕುಚ್ಚಲಕ್ಕಿ 5 ಕಿಲೊ, ಬ್ಯಾಡಗಿ ಮೆಣಸು ಕಾಲು ಕಿಲೊ. ನಿಖಿಲ ಕುಣಿದಾಡಿದ. ಕಾಮತರು ಕೂತಲ್ಲಿಂದ ಏಳಲಿಲ್ಲ.

"ಯಾರ ಮನೆಗೆ?"

"ಸುಮನಾ ಎಂದಿದೆ. ವಿಳಾಸ ಕೊಟ್ಟಿದ್ದಾರೆ."

"ಯಾರು ಉಣ್ಣುವುದು?"

"ಅದನ್ನೆಲ್ಲ ಯಾರೂ ಕೇಳುವುದಿಲ್ಲ ಅಜ್ಜ!"

"ಕೇಳದೆ ತೂಗುವುದು ಹೇಗೆ? ಹೊಸ ಅಕ್ಕಿ ಬೇಗ ಬೆಂದು ಮುದ್ದೆಯಾಗುತ್ತದೆ. ಹಳೆಯದು ನೀರು ಕುಡಿದು ನಿಧಾನಕ್ಕೆ ಅರಳುತ್ತದೆ. ಗಟ್ಟಿಮುಟ್ಟಾದವರು ಯಾವುದನ್ನೂ ಉಣ್ಣಬಹುದು. ಹಾಸಿಗೆ ಹಿಡಿದವರ ಗಂಜಿಗೆ ಹಳೆಯದೇ ಆಗಬೇಕು. ಅಂಗಡಿ ಎಂದರೆ ಬರೀ ಗೋಣಿಯಾ?"

ಅವರೇ ಫೋನ್ ಮಾಡಿದರು. ಆ ಕಡೆಯ ದನಿ ಮೊದಲು ತಡವರಿಸಿತು, ಆಮೇಲೆ ಮೆತ್ತಗಾಯಿತು. ತಾಯಿಗೆ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ದಿನವಾಗಿತ್ತಂತೆ. ಏನು ಕೊಟ್ಟರೂ ಬಾಯಿಗೆ ರುಚಿಸುತ್ತಿಲ್ಲವಂತೆ.

ಕಾಮತರು ಒಳಕೋಣೆಗೆ ಹೋಗಿ, ಮನೆಗೆಂದು ತೆಗೆದಿಟ್ಟಿದ್ದ ಕಳೆದ ವರ್ಷದ ಅಕ್ಕಿಯ ಗೋಣಿ ಬಿಚ್ಚಿದರು. ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿ, ಐದು ಕಿಲೊ ತೂಗಿದರು. ಮೇಲೊಂದು ಹಿಡಿ ಹಾಕಿದರು. ಆ ಒಂದು ಹಿಡಿ ಅವರ ಅಪ್ಪನ ಕಾಲದಿಂದ ಬಂದದ್ದು. ಜೊತೆಗೆ ಒಣಗಿಸಿದ ಪುನರ್ಪುಳಿಯ ಸಿಪ್ಪೆಯನ್ನು ಕಾಗದದಲ್ಲಿ ಮಡಚಿ ನೂಲು ಸುತ್ತಿದರು.

"ಇದು ಪಟ್ಟಿಯಲ್ಲಿ ಇಲ್ಲವಲ್ಲ, ಎಷ್ಟು ಬರೆಯಲಿ?"

"ಬರೆಯಬೇಡ. ತೆಳ್ಳಗೆ ಸಾರು ಮಾಡಿ ಕೊಡಲಿ ಎಂದು ಹೇಳು. ಮೆಣಸು ತಾಯಿಗಲ್ಲ ತಾನೇ ಎಂದೂ ಕೇಳು."

ನಿಖಿಲ ಮರಳಿದಾಗ ತೊಯ್ದು ತೊಪ್ಪೆಯಾಗಿದ್ದ. ತಲೆ ಒರೆಸಿಕೊಳ್ಳುತ್ತಲೇ ಅಜ್ಜನ ಸ್ಟೂಲಿನ ಪಕ್ಕ ಕೂತು ಮೊಬೈಲ್ ತೆಗೆದ.

"ಅಜ್ಜ, ಪ್ರತಿ ಸಾಮಾನಿನ ಕೆಳಗೆ ವಿವರ ಬರೆಯಲು ಜಾಗ ಇದೆ. ನೀವು ಹೇಳುತ್ತಾ ಹೋಗಿ."

ಅಕ್ಕಿಯೊಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಮೆಣಸಿಗೆ ಬರುವಷ್ಟರಲ್ಲಿ ಕಡಿಯಾಳಿ ದೇವಸ್ಥಾನದಲ್ಲಿ ರಾತ್ರಿಪೂಜೆಯ ಗಂಟೆಯಾಯಿತು. ಕೊನೆಗೆ ನಿಖಿಲ, ಆರ್ಡರ್ ಮಾಡುವವರಿಗೆ ಮೊದಲು ಕಾಣುವ ಸಾಲನ್ನು ಬರೆದು ಪರದೆಯನ್ನು ಅವರತ್ತ ತಿರುಗಿಸಿದ.

ಕಾಮತರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದರು: "ನಮಸ್ಕಾರ. ಯಾರು ಉಣ್ಣುವುದು ಎಂದು ತಿಳಿಸಿ."

"'ದಯವಿಟ್ಟು' ಸೇರಿಸು" ಎಂದರು.