ಏಪ್ರಿಲ್–ಜೂನ್ ಜಿಎಸ್‌ಟಿ ಲೆಕ್ಕ: ಜುಲೈ ಗಡುವುಗಳ ನೆನಪು

ಮಾನ್ಯ ವರ್ತಕರೇ,

ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ ಜುಲೈ 13, ಜಿಎಸ್‌ಟಿಆರ್-3ಬಿಗೆ ಜುಲೈ 22 ಕೊನೆಯ ದಿನ. ಕಾಂಪೋಸಿಷನ್ ಅಂಗಡಿಗಳು ಜುಲೈ 18ರೊಳಗೆ ಸಿಎಂಪಿ-08 ಮುಗಿಸಬೇಕು. ಸರ್ಕಾರ ದಿನ ಮುಂದೂಡುವುದೂ ಉಂಟು; ಆದರೆ gst.gov.in ತಾಣದಲ್ಲಿ ಪ್ರಕಟಣೆ ಕಾಣುವವರೆಗೆ ಅದನ್ನು ನಂಬಿ ಕೂರಬೇಡಿ.

ಮಡಿಕೇರಿಯ ಮಳೆ ನಿಮಗೆ ಗೊತ್ತೇ ಇದೆ. ಮರ ಬಿದ್ದು ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಆದ್ದರಿಂದ ಬಿಲ್ಲುಗಳನ್ನು ಜುಲೈ 8ರೊಳಗೆ ತಲುಪಿಸಿ. ಕಳೆದ ವರ್ಷ ಒಬ್ಬರು ತಂದ ಖರೀದಿ ಬಿಲ್ಲುಗಳು ನೆನೆದು ಅಂಟಿಕೊಂಡಿದ್ದವು. ಒಂದೊಂದನ್ನೂ ಬಿಡಿಸುವುದರಲ್ಲಿ ನನ್ನ ಅರ್ಧ ದಿನ ಹೋಯಿತು. ದಯವಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ತನ್ನಿ.

ವ್ಯಾಪಾರವೇ ಆಗದಿದ್ದರೂ ಶೂನ್ಯ ಲೆಕ್ಕ ಸಲ್ಲಿಸಲೇಬೇಕು. ತಡವಾದರೆ 3ಬಿಗೆ ದಿನಕ್ಕೆ 50 ರೂಪಾಯಿ, ಶೂನ್ಯ ಲೆಕ್ಕಕ್ಕೆ 20 ರೂಪಾಯಿ ಶುಲ್ಕ ಬೀಳುತ್ತದೆ. ಬಾಕಿ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ಸಲ್ಲಿಸಿದ 3ಬಿಯನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಅಂದಾಜಿನ ಅಂಕಿ ಕೊಡಬೇಡಿ, ಕೈಯಲ್ಲಿ ಬಿಲ್ಲಿಲ್ಲದ ಖರೀದಿಗೆ ತೆರಿಗೆ ಜಮೆ ಕೇಳಬೇಡಿ.

ಸ್ವಂತ ತೋಟದ ಕರಿಮೆಣಸು, ಕೊಂಡು ಮಾರಿದ ಕರಿಮೆಣಸು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವವರು ಬೇರ್ಪಡಿಸಿ ತನ್ನಿ. ಪಕ್ಕದ ಅಂಗಡಿಯವರ ಲೆಕ್ಕ ನಿಮಗೆ ಹೊಂದಬೇಕೆಂದಿಲ್ಲ. ಕಾಗದ ನೋಡದೆ ಫೋನಿನಲ್ಲಿ ನಾನೂ ತೀರ್ಪು ಕೊಡುವುದಿಲ್ಲ.

ಒಟಿಪಿಯನ್ನು ನನ್ನ ಹೆಸರು ಹೇಳಿ ಕೇಳಿದರೂ ಕೊಡಬೇಡಿ. ಕಚೇರಿಗೆ ಬಂದಾಗ ನೀವೇ ಹಾಕಿದರೆ ಸಾಕು.

ನಿಮ್ಮ ಲೆಕ್ಕಿಗ, ಮಡಿಕೇರಿ